ಬಾವಿ ನೀರಿನ ಉಪ್ಪಿನ ಬಗ್ಗೆ ಪ್ರೊಪೋಸಲ್ ಬರೆಯೋದು ಹೇಗೆ?

ಪ್ರಶ್ನೆ: ಬಿಎಸ್ಸಿ ಕೊನೆ ವರ್ಷ, ಊರು ಕುಂಬಳೆ. ಶಿರಿಯಾ ಹೊಳೆ ಬದಿಯ ಬಾವಿಗಳಲ್ಲಿ ಉಪ್ಪು ನೀರು ಬರೋದನ್ನ ಸ್ಟಡಿ ಮಾಡ್ಬೇಕು. ಡಿಸೆಂಬರಿಂದ ಮಾರ್ಚ್ ಕೊನೆವರೆಗೆ ಟೈಮ್ ಉಂಟು. ಉದ್ದೇಶ, ವಿಧಾನ, ಟೈಮ್‌ಟೇಬಲ್ ಹೇಗೆ ಬರೀಲಿ?

ಉತ್ತರ: ಮೊದಲು ಕ್ಯಾಲೆಂಡರ್ ಎದುರು ಇಟ್ಕೊಳ್ಳಿ, ಉದ್ದೇಶ ಆಮೇಲೆ. ನಮ್ಮ ಕಡೆ ಬಾವಿ ಜಾಸ್ತಿ ಉಪ್ಪಾಗೋದು ಏಪ್ರಿಲ್-ಮೇಯಲ್ಲಿ, ನಿಮ್ಮ ಕೆಲಸ ಮಾರ್ಚಿಗೆ ಮುಗೀತದೆ, ಹಾಗಾಗಿ "ಋತುಮಾನದ ಬದಲಾವಣೆ ಅಧ್ಯಯನ" ಅಂತ ಬರೆದ್ರೆ ಗೈಡ್ ಮೊದಲ ಪ್ರಶ್ನೆಯೇ ಅಲ್ಲಿ ಕೇಳ್ತಾರೆ. ಬದಲು ಎರಡೇ ಉದ್ದೇಶ ಸಾಕು: ಹೊಳೆಯಿಂದ ದೂರ ಹೋದ ಹಾಗೆ ಕ್ಲೋರೈಡ್ ಎಷ್ಟು ಕಮ್ಮಿ ಆಗ್ತದೆ, ಮತ್ತೆ ಅಕ್ಟೋಬರ್-ನವೆಂಬರಿನ ತುಲಾ ಮಳೆ ನಿಂತ ಮೇಲೆ ಮಾರ್ಚ್‌ವರೆಗೆ ತಿಂಗಳಿಂದ ತಿಂಗಳಿಗೆ ಎಷ್ಟು ಏರ್ತದೆ. ಬೇಸಿಗೆಯ ತುದಿ ಸಿಗ್ಲಿಕ್ಕಿಲ್ಲ ಅಂತ ಮಿತಿಯಲ್ಲಿ ನೀವೇ ಬರೆದುಬಿಡಿ.

ಬಾವಿ 12 ಸಾಕು. ಹೊಳೆಯಿಂದ 100 ಮೀಟರ್ ಒಳಗೆ 4, 100ರಿಂದ 500ರ ನಡುವೆ 4, 1 ಕಿಲೋಮೀಟರ್ ಆಚೆ ಹೋಲಿಕೆಗೆ 4. ಬೆಳಿಗ್ಗೆ ಮೋಟಾರ್ ಹಾಕೋ ಮೊದಲೇ ಹೋಗಿ, ನೀರಿನ ಮಟ್ಟ ಟೇಪಲ್ಲಿ ಅಳೆದು, ಮೇಲಿನ ನೀರಿಂದ ಒಂದು, ತಳದ ನೀರಿಂದ ಒಂದು ಸ್ಯಾಂಪಲ್ ತೆಗೀರಿ. ಉಪ್ಪು ನೀರು ಭಾರ, ಅಡಿಯಲ್ಲಿ ನಿಲ್ತದೆ, ಬರೀ ಕೊಡದಲ್ಲಿ ಮೇಲಿನ ನೀರು ಎತ್ತಿ ಅಳೆದ್ರೆ ಬಾವಿ ಚೆನ್ನಾಗಿಯೇ ಕಾಣ್ತದೆ ಮಾರಾಯ್ರೆ. ನೀರು ಎಷ್ಟು ವಿದ್ಯುತ್ ಹರಿಸ್ತದೆ ಅಂತ ಅಳೆಯೋ ಇಸಿ ಮೀಟರನ್ನ 1413 ಮೈಕ್ರೋಸೀಮೆನ್ಸ್ ಸ್ಟ್ಯಾಂಡರ್ಡ್ ದ್ರಾವಣದಲ್ಲಿ ಸರಿ ಮಾಡ್ಕೊಂಡು ಬಾವಿ ಹತ್ರವೇ ಅಳೆಯಿರಿ. ಕ್ಲೋರೈಡ್ ಲ್ಯಾಬಲ್ಲಿ, ಸಿಲ್ವರ್ ನೈಟ್ರೇಟ್ ಟೈಟ್ರೇಷನ್, ಪೊಟ್ಯಾಸಿಯಂ ಕ್ರೋಮೇಟ್ ಹಾಕಿದ ಹಳದಿ ನೀರು ಇಟ್ಟಿಗೆ ಕೆಂಪಿಗೆ ತಿರುಗೋವರೆಗೆ. ಕ್ಲೋರೈಡ್ ಬಾಟಲಿಯಲ್ಲಿ ಕೆಲವು ದಿನ ಇದ್ರೂ ಹಾಳಾಗುದಿಲ್ಲ, ಲ್ಯಾಬ್ ಯಾವಾಗ ಖಾಲಿ ಅಂತ ಕಾಯ್ಬಹುದು. ಕುಡಿಯುವ ನೀರಿನ ಐಎಸ್ 10500ರಲ್ಲಿ ಕ್ಲೋರೈಡ್ ಮಿತಿ ಲೀಟರಿಗೆ 250 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ರೆ 1000, ಅದರ ಜೊತೆ ಹೋಲಿಸಿ.

ಒಂದು ಎಚ್ಚರಿಕೆ ಉಂಟು. ಶೌಚಗುಂಡಿಯಿಂದಲೂ ಕ್ಲೋರೈಡ್ ಬರ್ತದೆ. ಹತ್ರ ಗುಂಡಿ ಇದ್ರೆ ದೂರ ಬರ್ಕೊಳ್ಳಿ, ಸಾಧ್ಯ ಆದ್ರೆ ನೈಟ್ರೇಟ್ ಕೂಡ ನೋಡಿ. ಅಡಿಯ ನೀರಲ್ಲೇ ಉಪ್ಪು ಜಾಸ್ತಿ, ನೈಟ್ರೇಟ್ ಕಮ್ಮಿ ಅಂತಾದ್ರೆ ಹೊಳೆ ನೀರಿನ ಕಡೆ ಅನುಮಾನ ಹೋಗ್ತದೆ. ಆದ್ರೂ "ಸಾಬೀತಾಯ್ತು" ಅಂತ ಬರೀಬೇಡಿ, "ಸೂಚಿಸ್ತದೆ" ಸಾಕು.

ಟೈಮ್: ಡಿಸೆಂಬರ್ ಮೊದಲರ್ಧ ಬಾವಿ ಹುಡುಕೋದು, ಮನೆಯವರ ಒಪ್ಪಿಗೆ, ಟೈಟ್ರೇಷನ್ ಕೈ ಪಳಗಿಸೋದು. ಆಮೇಲೆ ಪ್ರತಿ ತಿಂಗಳು ಅಮಾಸೆ ಆಸುಪಾಸು ಒಂದು ಸುತ್ತು, ಭರತದ ಜೋರು ಪ್ರತಿ ಸಲವೂ ಹೆಚ್ಚುಕಮ್ಮಿ ಒಂದೇ ಥರ ಇರ್ಲಿ ಅಂತ. ನಾಲ್ಕು ಸುತ್ತಿಗೆ 96 ಸ್ಯಾಂಪಲ್. ಮಾರ್ಚಿನ ಸುತ್ತು ಮುಗಿದ ಮೇಲೆ ಹೊಸ ಸ್ಯಾಂಪಲ್ ಬೇಡ, ಉಳಿದದ್ದೆಲ್ಲ ಗ್ರಾಫ್ ಮತ್ತೆ ಬರವಣಿಗೆಗೆ. ಜನವರಿಯಲ್ಲಿ ಅಕಸ್ಮಾತ್ ಮಳೆ ಬಂದ್ರೆ ಆ ದಿನಾಂಕ ಬರೆದಿಡಿ, ಆ ತಿಂಗಳ ಗೆರೆ ಯಾಕೆ ಇಳಿಯಿತು ಅಂತ ವೈವಾದಲ್ಲಿ ಕೇಳ್ತಾರೆ.