ಮನೆಯ ಬಿಪಿ ಮಶಿನ್ ಜಾಸ್ತಿ ತೋರಿಸಿದರೆ

"ಅಪ್ಪಾಜಿ ಬಿಪಿ ಮನೆ ಮಶಿನ್‌ನಲ್ಲಿ 150ರ ಮೇಲೆ, ಗದಗದ ಡಾಕ್ಟರ್ ಹತ್ರ 140. ಅವರದು ದಪ್ಪ ತೋಳು. ಬೇರೆ ಮಶಿನ್ ತಗೊಳ್ಳಲಾ?"

ತೋಳಿಗೆ ಸುತ್ತುವ ಕಫ್ ಬಹುಶಃ ಅವರಿಗೆ ಚಿಕ್ಕದಾಗಿದೆ. ಚಿಕ್ಕ ಕಫ್ ಬಿಪಿಯನ್ನು ಜಾಸ್ತಿ ತೋರಿಸುತ್ತದೆ. ಆದರೆ ಅಳೆಯದೆ ಖಚಿತವಾಗಿ ಹೇಳಲಾಗದು.

ಮೊದಲು ಟೇಲರ್ ಟೇಪ್ ತಗೊಂಡು ಭುಜ ಮತ್ತು ಮೊಣಕೈ ನಡುವಿನ ಜಾಗದಲ್ಲಿ ತೋಳಿನ ಸುತ್ತಳತೆ ನೋಡಿ. ಆಮೇಲೆ ಕಫ್ ಮೇಲೆ ಅಚ್ಚಾದ ಅಳತೆ ಓದಿ. ಸಾಮಾನ್ಯವಾಗಿ 22–32 ಸೆಂ.ಮೀ. ಇರುತ್ತದೆ. ನಮ್ಮ ಅವ್ವನ ತೋಳು 36 ಇತ್ತು. ಹುಬ್ಬಳ್ಳಿಯಲ್ಲಿ ಅದೇ ಕಂಪನಿಯ 32–42ರ ಕಫ್ ತಂದು ಹಾಕಿದೆವು. 152 ಬರುತ್ತಿದ್ದದ್ದು 143ಕ್ಕೆ ಇಳಿಯಿತು. ಮಶಿನ್ ಬದಲಿಸಲೇ ಇಲ್ಲ. ಬೇರೆ ಕಂಪನಿಯ ಕಫ್ ಮಾತ್ರ ಸುಮ್ನೆ ಸಿಕ್ಕಿಸಬೇಡಿ, ಲೆಕ್ಕ ತಪ್ಪುತ್ತದೆ.

ಜೊತೆಗೆ stridebp.org ತಾಣದಲ್ಲಿ ನಿಮ್ಮ ಮಾಡೆಲ್ ನಂಬರ್ ಹುಡುಕಿ. ಒಂದಕ್ಷರ ಬೇರೆಯಾದರೂ ಅದು ಬೇರೆ ಮಾಡೆಲ್, ಅದಕ್ಕೇ ಪೂರ್ತಿ ನಂಬರ್ ಹೊಂದಬೇಕು. ಅಲ್ಲಿದ್ದರೆ ಅದರ ನಿಖರತೆಯನ್ನು ಪರೀಕ್ಷಿಸಿದ್ದಾರೆ ಎಂದರ್ಥ.

ಕೊನೆಗೆ ಸರಿಯಾದ ಕಫ್ ಸಮೇತ ಮಶಿನ್ ಡಾಕ್ಟರ್ ಹತ್ರ ಒಯ್ಯಿರಿ. ಅಪ್ಪಾಜಿ ಐದು ನಿಮಿಷ ಸುಮ್ಮನೆ ಕೂರಲಿ. ಒಂದೇ ತೋಳಿನಲ್ಲಿ, ನಿಮಿಷ ಬಿಟ್ಟು, ಎರಡೂ ಮಶಿನ್‌ನಲ್ಲಿ ನೋಡಿಸಿ. ವ್ಯತ್ಯಾಸ 5ರೊಳಗಿದ್ದರೆ ಇದೇ ಸಾಕು. ಮತ್ತೆ ಮತ್ತೆ 10 ದಾಟಿದರೆ ಮಶಿನ್ ಬದಲಿಸಿ. ಅಲ್ಲಿಯವರೆಗೆ ಮನೆಯ ಅಂಕಿ ನೋಡಿ ಮಾತ್ರೆ ಹೆಚ್ಚು ಕಡಿಮೆ ಮಾಡಬೇಡಿ.