ಪ್ಯಾಚ್‌ ಹಚ್ಚಿದರೆ ಚಟ ಯಾಕೆ ಹತ್ತಲ್ಲ?

ಪ್ರಶ್ನೆ: ಸಿಗರೇಟು, ವೇಪ್, ಚಟ ಬಿಡಿಸಲು ಕೊಡುವ ಗಮ್, ಪ್ಯಾಚ್ ಎಲ್ಲದರಲ್ಲೂ ನಿಕೋಟಿನ್ನೇ ಇರೋದು. ಸಿಗರೇಟಿನ ಚಟವೇ ಯಾಕಿಷ್ಟು ಬಿಗಿ?

ಉತ್ತರ: ವೇಗದಿಂದ. ಹೊಗೆ ಎಳೆದ 10–20 ಸೆಕೆಂಡಿನಲ್ಲಿ ನಿಕೋಟಿನ್ ಮಿದುಳು ಮುಟ್ಟಿ, ‘ಇದು ಮತ್ತೆ ಬೇಕು’ ಅನ್ನಿಸುವ ರಾಸಾಯನಿಕ ಡೋಪಮೈನನ್ನು ಚಿಮ್ಮಿಸುತ್ತದೆ. ಸಿಗರೇಟು ಇನ್ನೂ ಬೆರಳಲ್ಲಿರುವಾಗಲೇ ಫಲ ಸಿಕ್ಕಿತಲ್ಲ, ಮಿದುಳು ಎರಡನ್ನೂ ಗಂಟು ಹಾಕಿಬಿಡುತ್ತದೆ. ಒಂದು ಸಿಗರೇಟಿಗೆ ಹತ್ತು ದಮ್ಮು ಅಂದರೂ, ದಿನಕ್ಕೆ ಹತ್ತು ಸೇದುವವನಿಗೆ ನೂರು ಸಲ ಅದೇ ಪಾಠ. ನಿಕೋಟಿನ್ ಲವಣದ ವೇಪ್ ಕೂಡ ಹೆಚ್ಚುಕಡಿಮೆ ಇದೇ ಜಾತಿ.

ಗಮ್‌ನ ನಿಕೋಟಿನ್ ಕೆನ್ನೆಯ ಒಳಪದರದಿಂದ ನಿಧಾನ ಇಳಿಯುತ್ತದೆ. ರಕ್ತದಲ್ಲಿ ಮೇಲ್ಮಟ್ಟಕ್ಕೇರಲು ಸುಮಾರು ಅರ್ಧ ಗಂಟೆ. ಪ್ಯಾಚ್‌ಗೆ ಗಂಟೆಗಟ್ಟಲೆ ಬೇಕು. ಬೆಳಿಗ್ಗೆ ತೋಳಿಗೆ ಅಂಟಿಸಿದ್ದು ಯಾವಾಗ ಕೆಲಸ ಮಾಡಿತೆಂದು ತಿಳಿಯುವುದೇ ಇಲ್ಲ, ಹಾಗಾಗಿ ಗಂಟು ಬೀಳುವುದು ಕಡಿಮೆ. ಇದರಲ್ಲೊಂದು ತೊಡಕೂ ಇದೆ: ಪ್ಯಾಚ್ ಇದ್ದರೂ ಊಟವಾದೊಡನೆ ಕೈ ಜೇಬಿಗೆ ಹೋಗುತ್ತದೆ. ಅದಕ್ಕೇ ವೈದ್ಯರು ಎಷ್ಟೋ ಸಲ ಪ್ಯಾಚ್ ಜೊತೆ, ಆ ಗಳಿಗೆಯ ಬಯಕೆ ತಣಿಸಲು ಗಮ್ಮನ್ನೂ ಕೊಡುವುದು.