ಜೂನಿಯರ್ ಕ್ಯೂಎಸ್‌ಗೆ ಶಿಫಾರಸು ಪತ್ರ ಬರೆಯೋದು ಹೇಗೆ?

"ನಮ್ಮ ಜೂನಿಯರ್ ಕ್ವಾಂಟಿಟಿ ಸರ್ವೇಯರ್ ಆರ್‌ಐಸಿಎಸ್ ಸದಸ್ಯತ್ವಕ್ಕೆ ಅರ್ಜಿ ಹಾಕ್ತಿದ್ದಾಳೆ. ಪತ್ರದಲ್ಲಿ ಅವಳ ಪ್ರಾಜೆಕ್ಟ್ ಕೆಲಸದ ಬಗ್ಗೆ ಏನು ಬರೀಲಿ?"

ಒಂದೇ ಕೆಲಸ ಆರಿಸಿ, ಅದನ್ನು ಪೂರ್ತಿ ಬರೆಯಿರಿ. ಸರ್ವೇಯರ್‌ಗಳ ವೃತ್ತಿ ಸಂಸ್ಥೆಯಾದ ಆರ್‌ಐಸಿಎಸ್ ಸಾಮರ್ಥ್ಯವನ್ನು ಮೂರು ಹಂತದಲ್ಲಿ ನೋಡುತ್ತದೆ: ವಿಷಯ ಗೊತ್ತಿರುವುದು, ಅದನ್ನು ಮಾಡಿರುವುದು, ಕಾರಣ ಕೊಟ್ಟು ಸಲಹೆ ನೀಡಿರುವುದು. "ಅಳತೆಯಲ್ಲಿ ನಿಪುಣೆ" ಎಂದು ಸುಮ್ನೆ ಹೊಗಳಿದರೆ ಇದ್ಯಾವುದೂ ಕಾಣುವುದಿಲ್ಲ.

ಉದಾಹರಣೆಗೆ, ಅಪಾರ್ಟ್‌ಮೆಂಟ್ ಒಂದರ ರನ್ನಿಂಗ್ ಬಿಲ್‌ನಲ್ಲಿ ಗುತ್ತಿಗೆದಾರರು ಪ್ಲಾಸ್ಟರಿಂಗ್‌ಗೆ ಕಿಟಕಿಯ ಜಾಗ ಕಳೆದಿರಲಿಲ್ಲ ಎಂದುಕೊಳ್ಳಿ. ಕಿಟಕಿ 1.5 ಮೀಟರ್ ಅಗಲ, 1.2 ಮೀಟರ್ ಎತ್ತರ, ಅಂದರೆ 1.8 ಚದರ ಮೀಟರ್. ಕಟ್ಟಡ ಕೆಲಸದ ಅಳತೆಗಿರುವ ಭಾರತೀಯ ಮಾನದಂಡ ಐಎಸ್ 1200 ಪ್ರಕಾರ 0.5ರಿಂದ 3 ಚದರ ಮೀಟರ್‌ವರೆಗಿನ ಕಿಂಡಿಗೆ ಗೋಡೆಯ ಒಂದು ಮುಖ ಮಾತ್ರ ಕಳೆಯಬೇಕು. 240 ಕಿಟಕಿಗೆ 432 ಚದರ ಮೀಟರ್. ದರ ಚದರ ಮೀಟರ್‌ಗೆ ₹400 ಆದರೆ, ಬಿಲ್‌ನಲ್ಲಿ ₹1,72,800 ಹೆಚ್ಚಾಗಿತ್ತು.

ಪತ್ರದಲ್ಲಿ ಹೀಗೆ ಬರೆಯಬಹುದು: "ಈ ವ್ಯತ್ಯಾಸವನ್ನು ಅವರೇ ಗುರುತಿಸಿದರು. ಎರಡೂ ಮುಖ ಕಳೆಯಬೇಕೆಂದು ನಮ್ಮ ಸೈಟ್ ತಂಡ ಒತ್ತಾಯಿಸಿದಾಗ, ಅದು ಗುತ್ತಿಗೆದಾರರಿಗೆ ಅನ್ಯಾಯ ಎಂದು ನಿಯಮ ತೋರಿಸಿ ಪ್ರಾಜೆಕ್ಟ್ ಮ್ಯಾನೇಜರ್‌ಗೆ ಸಲಹೆ ನೀಡಿದರು." ನನಗೆ ಈ ಎರಡನೇ ವಾಕ್ಯವೇ ಜಾಸ್ತಿ ಮುಖ್ಯ. ಮೂರನೇ ಹಂತ ಕಾಣುವುದು ಅಲ್ಲೇ.

"ನಾವು ಮಾಡಿದೆವು" ಅನ್ನಬೇಡಿ, ಅವಳ ಪಾಲೆಷ್ಟು ಅಂತ ತಿಳಿಯುವುದಿಲ್ಲ. ನಿಜವಾದ ದರ, ಗ್ರಾಹಕರ ಹೆಸರು ಹಾಕುವ ಮುನ್ನ ಅವರ ಒಪ್ಪಿಗೆ ಪಡೆಯಿರಿ. ಕಳಿಸುವ ಮೊದಲು ಅವಳ ಕೇಸ್ ಸ್ಟಡಿ ಪಕ್ಕದಲ್ಲಿಟ್ಟು ಅಂಕಿಗಳು ತಾಳೆಯಾಗುತ್ತವಾ ನೋಡಿ. ಸಂದರ್ಶನದಲ್ಲಿ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ಅವಳೇ ಅಲ್ವಾ.